ಆಪರೇಷನ್ ತಾರೀಕಿನ ಮೆಸೇಜ್ ಬಂದಾಗ: 'ಖಾಲಿ ಹೊಟ್ಟೆ'ಯ ಸಾಲನ್ನು ಓದುವುದು ಹೇಗೆ?

ಶುಕ್ರವಾರ ಸಂಜೆ ನನ್ನ ಚಿಕ್ಕಮ್ಮನ ಮಗ ಚನ್ನಪಟ್ಟಣದಿಂದ ಫೋನ್ ಮಾಡಿದ. ಚಿಕ್ಕಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಜಯನಗರದ ಕಡೆ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸುವುದು ಅಂತ ತೀರ್ಮಾನವಾಗಿತ್ತು. "ಅಕ್ಕ, ಮೆಸೇಜ್ ಬಂತು. ಮಂಗಳವಾರ ಫಿಕ್ಸ್. ಹಿಂದಿನ ದಿನ ಉಪವಾಸ ಇರಬೇಕಂತೆ. ಅಮ್ಮ ಹೇಗೂ ಸೋಮವಾರ ಒಪ್ಪತ್ತು ಮಾಡ್ತಾರಲ್ಲ, ಏನೂ ಕಷ್ಟ ಆಗಲ್ಲ ಬಿಡು" ಅಂದ.

ಅವನು ನಿರಾಳವಾಗಿದ್ದ. ನನಗೆ ಮಾತ್ರ ಎದೆ ಝಲ್ ಅಂತು. ನಾನು ಹನ್ನೊಂದು ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಲಿಸ್ಟ್ ನೋಡಿಕೊಳ್ಳುವ ಕೆಲಸ ಮಾಡಿದ್ದೇನೆ. ಇಂಥ ಮೆಸೇಜುಗಳನ್ನು ದಿನಾ ನಾನೇ ಕಳಿಸುತ್ತಿದ್ದೆ. ಆ ಎರಡು ಸಾಲನ್ನು ಮನೆಯವರು ಬೇರೆ ಥರ ಅರ್ಥ ಮಾಡಿಕೊಂಡು ಬಂದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಸೋಮವಾರ ಇಡೀ ದಿನ ಹಸಿದುಕೊಂಡಿದ್ದು, ರಾತ್ರಿ ಫಲಾಹಾರ ಅಂತ ಹಾಲು ಬಾಳೆಹಣ್ಣು ತಗೊಂಡು, ಬೆಳಿಗ್ಗೆ "ಉಪವಾಸದಲ್ಲಿ ಹಾಲು ನಡೆಯುತ್ತೆ" ಅಂತ ಒಂದು ಲೋಟ ಕುಡಿದು ಬಂದರೆ? ಎರಡು ಕಡೆಯಿಂದಲೂ ತಪ್ಪೇ.

"ಮೊದಲು ಆ ಮೆಸೇಜ್ ಹಾಗೇ ನನಗೆ ಕಳಿಸು" ಅಂದೆ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನಿಮ್ಮ ಸರ್ಜರಿ 14ನೇ ತಾರೀಕು, ಮಂಗಳವಾರಕ್ಕೆ ಖಚಿತವಾಗಿದೆ. ಬೆಳಿಗ್ಗೆ 6.30ಕ್ಕೆ ಅಡ್ಮಿಷನ್ ಕೌಂಟರಿಗೆ ಬನ್ನಿ. 14ನೇ ತಾರೀಕು 12 AM ಇಂದ NBM. ಪಿಎಸಿ ರಿಪೋರ್ಟ್, ಆಧಾರ್, ಇನ್ಶೂರೆನ್ಸ್ ಕಾಗದ ತನ್ನಿ. ಒಬ್ಬ ಅಟೆಂಡರ್ ಜೊತೆಗಿರಲಿ."

ನಾವು ಇದನ್ನು ಹೇಗೆ ಬಿಡಿಸಿಕೊಂಡೆವು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಫೋನ್ ಮಾಡಿ, ಆದರೆ ಮೆಸೇಜಿನಲ್ಲಿರುವ ನಂಬರಿಗಲ್ಲ

ಮೆಸೇಜ್ ನಿಜವಾಗಿಯೂ ಆಸ್ಪತ್ರೆಯದ್ದೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಹಳೆಯ ಬಿಲ್ಲಿನ ಮೇಲೋ ಓಪಿ ಫೈಲಿನ ಮೇಲೋ ಆಸ್ಪತ್ರೆಯ ನಂಬರ್ ಇರುತ್ತದೆ. ಅದಕ್ಕೇ ಫೋನ್ ಮಾಡಿ. ಮೆಸೇಜಿನಲ್ಲಿ "ಈ ಲಿಂಕ್ ಒತ್ತಿ ಅಡ್ವಾನ್ಸ್ ಕಟ್ಟಿ" ಅಂತಲೋ "ಈ ಆ್ಯಪ್ ಹಾಕಿಕೊಳ್ಳಿ" ಅಂತಲೋ ಇದ್ದರೆ, ಆಸ್ಪತ್ರೆಯವರು ಹೌದು ಅನ್ನುವ ತನಕ ಮುಟ್ಟಬೇಡಿ.

ಫೋನ್ ಸಿಕ್ಕಾಗ ಇನ್ನೂ ಮೂರು ವಿಷಯ ಕೇಳಿಬಿಡಿ. ಆ ದಿನದ ಲಿಸ್ಟಿನಲ್ಲಿ ನಾವು ಎಷ್ಟನೆಯವರು, ಸುಮಾರು ಎಷ್ಟು ಗಂಟೆಗೆ ಒಳಗೆ ಕರೆಯಬಹುದು? ಊಟ ಯಾವಾಗ ನಿಲ್ಲಿಸಬೇಕು, ನೀರು ಯಾವಾಗ ನಿಲ್ಲಿಸಬೇಕು? ಬೆಳಿಗ್ಗೆ ಯಾವ ಮಾತ್ರೆ ತಗೋಬೇಕು, ಯಾವುದು ಬೇಡ? ಕೊನೆಯ ಎರಡಕ್ಕೆ ಕೌಂಟರಿನವರು ಉತ್ತರ ಕೊಡಬಾರದು, ಅರಿವಳಿಕೆ ಡಾಕ್ಟರೇ ಕೊಡಬೇಕು. "ಅನಸ್ತೇಷಿಯಾ ಡಾಕ್ಟರ ಹತ್ತಿರ ಕೇಳಿ ಹೇಳಿ, ಕಾಯುತ್ತೇವೆ" ಅನ್ನಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ.

ಚಿಕ್ಕಮ್ಮ ಲಿಸ್ಟಿನಲ್ಲಿ ಮೂರನೆಯವರು, ಸುಮಾರು ಹತ್ತೂವರೆಗೆ ಅಂತ ಗೊತ್ತಾಯಿತು. 6.30 ಅನ್ನುವುದು ಅಡ್ಮಿಷನ್ ಸಮಯ, ಆಪರೇಷನ್ ಸಮಯವಲ್ಲ. ನಡುವಿನ ನಾಲ್ಕು ಗಂಟೆ ಕಾಗದ, ದುಡ್ಡು ಕಟ್ಟುವುದು, ಕೈಗೆ ಹೆಸರಿನ ಪಟ್ಟಿ, ಡ್ರಿಪ್ಪಿಗೆ ಸೂಜಿ, ಮತ್ತೊಮ್ಮೆ ಬಿಪಿ ಸಕ್ಕರೆ ನೋಡುವುದು, ಇಷ್ಟಕ್ಕೇ ಹೋಗುತ್ತದೆ.

ಹನ್ನೆರಡು ಗಂಟೆ ಅಂದರೆ ಯಾವ ರಾತ್ರಿ?

`NBM` ಅಂದರೆ ಬಾಯಿಗೆ ಏನೂ ಹಾಕಬಾರದು ಅಂತ. ಕೆಲವು ಆಸ್ಪತ್ರೆಯವರು `NPO` ಅಂತ ಬರೆಯುತ್ತಾರೆ, ಅರ್ಥ ಅದೇ. ಜಾಸ್ತಿ ಜನ ಎಡವುವುದು ಅದರ ಪಕ್ಕದ `12 AM` ಹತ್ತಿರ.

14ನೇ ತಾರೀಕು `12 AM` ಅಂದರೆ 13ನೇ ತಾರೀಕು ಮುಗಿದು 14 ಶುರುವಾಗುವ ಕ್ಷಣ. ನಮ್ಮ ಮಾತಿನಲ್ಲಿ ಅದು ಸೋಮವಾರ ರಾತ್ರಿ. ಆದರೆ ನಮಗೆ ದಿನ ಬದಲಾಗುವುದು ಬೆಳಕು ಹರಿದ ಮೇಲೆ, ಅಲ್ವಾ? ಹಾಗಾಗಿ "14ನೇ ತಾರೀಕು ರಾತ್ರಿ ಹನ್ನೆರಡು" ಅಂದರೆ ಮಂಗಳವಾರ ರಾತ್ರಿ ಅಂತ ಓದಿಕೊಳ್ಳುವವರು ಇದ್ದಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಹೀಗೇ ಒಬ್ಬ ಹುಡುಗ ತನ್ನ ತಂದೆಗೆ ಬೆಳಿಗ್ಗೆ ಏಳಕ್ಕೆ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿ ಕರಕೊಂಡು ಬಂದ. ಅವತ್ತಿನ ಆಪರೇಷನ್ ರದ್ದಾಯಿತು. ಅವರು ತುಮಕೂರಿನ ಆಚೆಯಿಂದ ಬಂದಿದ್ದರು. ಮುಂದಿನ ಜಾಗ ಸಿಕ್ಕಿದ್ದು ಒಂಬತ್ತು ದಿನ ಬಿಟ್ಟು. ಅವತ್ತಿನಿಂದ ನಾನು ಎಲ್ಲರಿಗೂ "ಸೋಮವಾರ ರಾತ್ರಿ ಊಟ ಆದ ಮೇಲೆ" ಅಂತ ವಾರದ ಹೆಸರು ಹಾಕಿಯೇ ಬರೆಯುತ್ತಿದ್ದೆ. ನಿಮಗೆ ಬಂದ ಮೆಸೇಜಿನಲ್ಲಿ ಹಾಗೆ ಇಲ್ಲದಿದ್ದರೆ ನೀವೇ ವಾರದ ಹೆಸರು ಸೇರಿಸಿ, ಕಾಗದದ ಮೇಲೆ ಬರೆದು, ಫ್ರಿಜ್ಜಿಗೋ ಅಡುಗೆಮನೆ ಬಾಗಿಲಿಗೋ ಅಂಟಿಸಿ.

ಇನ್ನೊಂದು ಮಾತು. ಮನೆಯಲ್ಲಿ ಇದಕ್ಕೆ ಉಪವಾಸ ಅನ್ನಬೇಡಿ. ನಮ್ಮಲ್ಲಿ ಉಪವಾಸ ಅಂದರೆ ಹಾಲು, ಹಣ್ಣು, ಅವಲಕ್ಕಿ, ಕಾಫಿ ಎಲ್ಲ ನಡೆಯುತ್ತದೆ. ಅನ್ನ ಮಾತ್ರ ಇಲ್ಲ. ಏಕಾದಶಿ ಮಾಡಿ ಅಭ್ಯಾಸ ಇರುವ ಹಿರಿಯರಿಗೆ ಆ ಪದ ಕೇಳಿದ ಕೂಡಲೇ ಅದೇ ನೆನಪಾಗುವುದು. 'ಖಾಲಿ ಹೊಟ್ಟೆ' ಅನ್ನಿ. ಎಲೆ ಅಡಿಕೆ, ತಂಬಾಕು, ಚ್ಯೂಯಿಂಗ್ ಗಮ್ ಕೂಡ ಬೇಡ ಅಂತ ಹೆಸರು ಹೇಳಿಯೇ ಹೇಳಿ.

ಹೊಟ್ಟೆ ಯಾಕೆ ಖಾಲಿ ಇರಬೇಕು

ಎಚ್ಚರ ಇರುವಾಗ ಆಹಾರ ಮೇಲೆ ಬಂದರೆ ನಾವು ಕೆಮ್ಮುತ್ತೇವೆ, ನುಂಗುತ್ತೇವೆ. ಶ್ವಾಸನಾಳಕ್ಕೆ ಹೋಗದ ಹಾಗೆ ಗಂಟಲು ತಾನೇ ಕಾಯುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟಾಗ ಆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು, ಹೊಟ್ಟೆಯ ಆಮ್ಲದ ಸಮೇತ ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್, ಹೆರಿಗೆ ಸಮಯದಲ್ಲಿ ಅರಿವಳಿಕೆ ಪಡೆದ ಹೆಂಗಸರಲ್ಲಿ ಇದನ್ನು ವಿವರವಾಗಿ ಬರೆದರು. ಈಗಲೂ ಆ ತೊಂದರೆಗೆ ಅವರ ಹೆಸರೇ ಇದೆ.

ಎಲ್ಲ ಆಹಾರವೂ ಒಂದೇ ವೇಗದಲ್ಲಿ ಹೊಟ್ಟೆಯಿಂದ ಮುಂದೆ ಹೋಗುವುದಿಲ್ಲ. ಅರಿವಳಿಕೆ ಡಾಕ್ಟರುಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ ಹೀಗಿದೆ: ಕರಿದದ್ದು, ಎಣ್ಣೆ ಜಿಡ್ಡಿನ ಊಟ, ಮಾಂಸಕ್ಕೆ 8 ಗಂಟೆ ಅಥವಾ ಇನ್ನೂ ಜಾಸ್ತಿ. ಹಗುರ ಊಟಕ್ಕೆ 6 ಗಂಟೆ. ಹಾಲಿಗೂ 6 ಗಂಟೆ. ತಿಳಿಯಾದ ನೀರಿಗೆ 2 ಗಂಟೆ. ಎದೆಹಾಲು ಕುಡಿಯುವ ಕೂಸಿಗೆ 4 ಗಂಟೆ. ಇದೆಲ್ಲ ಅರಿವಳಿಕೆ ಶುರುವಾಗುವ ಸಮಯದಿಂದ ಹಿಂದಕ್ಕೆ ಎಣಿಸುವುದು, ಆಸ್ಪತ್ರೆಗೆ ಬರುವ ಸಮಯದಿಂದಲ್ಲ.

ಹಾಲು ನೋಡಲು ನೀರಿನ ಹಾಗೆ ಇದ್ದರೂ ಹೊಟ್ಟೆಯೊಳಗೆ ಹೋದ ಮೇಲೆ ಒಡೆದು ಗಟ್ಟಿಯಾಗುತ್ತದೆ. ಅದಕ್ಕೇ ಅದನ್ನು ಊಟದ ಸಾಲಿಗೆ ಸೇರಿಸಿದ್ದಾರೆ. ನಮ್ಮ ಟೀ ಕಾಫಿಯಲ್ಲಿ ಅರ್ಧ ಹಾಲೇ ಇರುತ್ತದಲ್ಲ, ಅದಕ್ಕೂ ಹಾಲಿನ ಲೆಕ್ಕವೇ. ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಯಾವುದೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಲೋಟದ ಆಚೆ ಇಟ್ಟ ಪೇಪರಿನ ಅಕ್ಷರ ಓದಲು ಆಗಬೇಕು, ಅಂಥದ್ದು ಮಾತ್ರ ತಿಳಿ. ಎಳನೀರನ್ನು ಕೇಳದೆ ಕುಡಿಯಬೇಡಿ.

ಹಾಗಾದರೆ ಮೆಸೇಜಿನಲ್ಲಿ ಎಲ್ಲರಿಗೂ ಮಧ್ಯರಾತ್ರಿ ಅಂತಲೇ ಯಾಕೆ ಬರೆಯುತ್ತಾರೆ? ಲಿಸ್ಟ್ ಹಿಂದೆ ಮುಂದೆ ಆಗುತ್ತಿರುತ್ತದೆ. ಮೊದಲನೆಯವರು ಬರದಿದ್ದರೆ ಮೂರನೆಯವರನ್ನು ಎಂಟಕ್ಕೇ ಕರೆಯಬಹುದು. ಒಂದೇ ಸಾಲು ಎಲ್ಲರಿಗೂ ಕಳಿಸುವುದು ಸುಲಭ ಅನ್ನುವುದೂ ನಿಜ. ಆದರೆ ವಯಸ್ಸಾದವರಿಗೆ, ಸಕ್ಕರೆ ಇರುವವರಿಗೆ, ಮಕ್ಕಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೀರೂ ಇಲ್ಲದೆ ಇರುವುದು ಒಳ್ಳೆಯದಲ್ಲ. ಬಾಯಿ ಒಣಗುತ್ತದೆ, ತಲೆ ಸುತ್ತುತ್ತದೆ, ಡ್ರಿಪ್ ಹಾಕಲು ರಕ್ತನಾಳ ಸಿಗುವುದಿಲ್ಲ. ಅದಕ್ಕೇ ನೀರಿನ ಪ್ರಶ್ನೆಯನ್ನು ಬೇರೆಯಾಗಿ ಕೇಳಿ ಅಂದಿದ್ದು. ಹಾಗಂತ 2 ಗಂಟೆ ಅಂತ ಇಲ್ಲಿ ಓದಿ ನೀವೇ ತೀರ್ಮಾನಿಸಬೇಡಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ಕಾಯಿಲೆಗಳಿವೆ, ಹಳೆಯ ಸಕ್ಕರೆ ಕಾಯಿಲೆಯೂ ಅದರಲ್ಲಿ ಒಂದು. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್ ಆದರೂ ಇದೇ ನಿಯಮ, ಯಾಕೆಂದರೆ ನಡುವೆ ಪೂರ್ತಿ ಅರಿವಳಿಕೆ ಕೊಡುವ ಸಂದರ್ಭ ಬರಬಹುದು.

ಚಿಕ್ಕಮ್ಮನ ವಿಷಯದಲ್ಲಿ ಡಾಕ್ಟರ್ ಹೇಳಿದ್ದು ಇಷ್ಟು: ಸೋಮವಾರ ಒಪ್ಪತ್ತು ಬೇಡವೇ ಬೇಡ, ಮೂರು ಹೊತ್ತೂ ಊಟ ಮಾಡಲಿ. ರಾತ್ರಿ ಒಂಬತ್ತರ ಒಳಗೆ ಹಗುರವಾಗಿ ಊಟ ಮುಗಿಸಲಿ. ಆಮೇಲೆ ಹಾಲಿಲ್ಲ, ಹಣ್ಣಿಲ್ಲ. ನೀರು ಮಾತ್ರ ಬೆಳಿಗ್ಗೆ ಆರರವರೆಗೆ. ಚಿಕ್ಕಮ್ಮ ಒಪ್ಪತ್ತು ಬಿಡಲು ಒಪ್ಪಲಿಲ್ಲ. "ಮುಂದಿನ ಸೋಮವಾರ ಸೇರಿಸಿ ಮಾಡು, ಶಿವ ಬೇಡ ಅನ್ನಲ್ಲ" ಅಂತ ಅಜ್ಜಿ ಹೇಳಿದ ಮೇಲೆ ಮುದ್ದೆ, ಸೊಪ್ಪಿನ ಸಾರು ಉಂಡರು.

ಎಷ್ಟು ಎಚ್ಚರ ಇದ್ದರೂ ಕೈ ತಪ್ಪಿ ಬೆಳಿಗ್ಗೆ ಒಂದು ಗುಟುಕು ಕಾಫಿ ಹೋಗಿಬಿಡುತ್ತದೆ. ಹೋದರೆ ಮುಚ್ಚಿಡಬೇಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ ಅಂತ ಬಂದ ಕೂಡಲೇ ನರ್ಸಿಗೆ ಹೇಳಿ. ಲಿಸ್ಟಿನಲ್ಲಿ ಕೆಳಗೆ ಹಾಕಿ ಮಧ್ಯಾಹ್ನಕ್ಕೆ ತಗೊಳ್ಳಬಹುದು, ಇಲ್ಲ ಇನ್ನೊಂದು ದಿನ ಕೊಡಬಹುದು. ಬೈಸಿಕೊಂಡರೂ ಪರವಾಗಿಲ್ಲ, ಅದರಿಂದ ಜೀವಕ್ಕೆ ಅಪಾಯವಿಲ್ಲ.

ಮಾತ್ರೆಗಳ ಚೀಲ ಬಿಚ್ಚಿ

ಮೆಸೇಜಿನಲ್ಲಿ ಮಾತ್ರೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅದು ಪಿಎಸಿ ಕಾಗದದ ಕೊನೆಯ ಸಾಲಿನಲ್ಲಿ, ಡಾಕ್ಟರ ಕೈಬರಹದಲ್ಲಿತ್ತು. ಪಿಎಸಿ ಅಂದರೆ ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರು ಮಾಡುವ ತಪಾಸಣೆ. ಮನೆಯವರು ಆ ಕಾಗದವನ್ನು ಫೈಲಿಗೆ ಸೇರಿಸಿ ಮರೆತಿದ್ದರು.

ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು, ಹಿಂಭಾಗದ ಸಮೇತ, ಫೋಟೋ ತೆಗೆಯಿರಿ. ಮುಂದೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಒಳಗಿರುವ ಔಷಧದ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಸಕ್ಕರೆ ಇರುವವರಾದರೆ ಅಲ್ಲಿ `gliflozin` ಅಂತ ಮುಗಿಯುವ ಹೆಸರು ಇದೆಯೇ ಅಂತ ಹುಡುಕಿ. `Dapagliflozin`, `Empagliflozin` ಈಗ ತುಂಬಾ ಜನ ತಗೊಳ್ಳುತ್ತಾರೆ. ಬೇರೆ ಔಷಧದ ಜೊತೆ ಸೇರಿಸಿ ಒಂದೇ ಮಾತ್ರೆಯಾಗಿಯೂ ಬರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಈ ಎರಡನ್ನೂ ದೊಡ್ಡ ಆಪರೇಷನ್ನಿಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಹೊಟ್ಟೆ ಖಾಲಿ ಇದ್ದು, ದೇಹಕ್ಕೆ ಆಪರೇಷನ್ನಿನ ಒತ್ತಡವೂ ಆದಾಗ ಇವು ರಕ್ತದಲ್ಲಿ ಆಮ್ಲ ಏರಿಸಬಹುದು. ಸಕ್ಕರೆ ಪರೀಕ್ಷೆ ಮಾಡಿದರೆ ಜಾಸ್ತಿ ಕಾಣದೇ ಇರಬಹುದು, ಅದೇ ಇದರ ಭಯ. ಚಿಕ್ಕಮ್ಮನ ಸ್ಟ್ರಿಪ್ಪಿನಲ್ಲಿ ಡಾಪಾಗ್ಲಿಫ್ಲೋಜಿನ್ ಇತ್ತು. ಶುಕ್ರವಾರ ಸಂಜೆಯೇ ಫೋನ್ ಮಾಡಿದ್ದರಿಂದ ಶನಿವಾರದಿಂದ ನಿಲ್ಲಿಸಿ, ಆ ಮೂರು ದಿನಕ್ಕೆ ಬೇರೆ ವ್ಯವಸ್ಥೆ ಹೇಳಿದರು. ಭಾನುವಾರ ರಾತ್ರಿ ಗೊತ್ತಾಗಿದ್ದರೆ ತಾರೀಕೇ ಮುಂದೆ ಹೋಗುವ ಸಾಧ್ಯತೆ ಇತ್ತು.

ಬಿಪಿ ಮಾತ್ರೆಯಲ್ಲಿ ಕೆಲವನ್ನು ಆ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ತಗೋಬೇಕು, ಕೆಲವನ್ನು ಬಿಡಬೇಕು. ಚಿಕ್ಕಮ್ಮನಿಗೆ ಮೆಟೊಪ್ರೊಲಾಲ್ ಬಿಡಬೇಡಿ, ಟೆಲ್ಮಿಸಾರ್ಟನ್ ಬೇಡ ಅಂದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗುವ ಮಾತ್ರೆಯನ್ನು ಯಾರದೋ ಮಾತು ಕೇಳಿ ನಿಲ್ಲಿಸಬಾರದು, ಕೇಳದೆ ಮುಂದುವರಿಸಲೂ ಬಾರದು. ಹೃದಯದ ಡಾಕ್ಟರು, ಆಪರೇಷನ್ ಡಾಕ್ಟರು ಇಬ್ಬರೂ ಮಾತಾಡಿ ಹೇಳಬೇಕು.

ಕಾಗದಗಳು ಎರಡು ಕವರಿನಲ್ಲಿ

ಒಂದು ಕವರ್ ಡಾಕ್ಟರಿಗೆ: ಪಿಎಸಿ ರಿಪೋರ್ಟ್, ಸ್ಕ್ಯಾನಿಂಗ್ ರಿಪೋರ್ಟ್ ಮತ್ತು ಫಿಲ್ಮ್, ರಕ್ತ ಪರೀಕ್ಷೆ, ಇಸಿಜಿ, ಹಳೆಯ ಆಪರೇಷನ್ ಏನಾದರೂ ಆಗಿದ್ದರೆ ಅದರ ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಪಟ್ಟಿ, ಯಾವುದಾದರೂ ಔಷಧಿ ಆಗಿಬರದಿದ್ದರೆ ಅದರ ಹೆಸರು. ಇನ್ನೊಂದು ಕವರ್ ಕೌಂಟರಿಗೆ: ರೋಗಿಯ ಆಧಾರ್, ಜೊತೆಗಿರುವವರ ಆಧಾರ್, ಪ್ಯಾನ್, ಇನ್ಶೂರೆನ್ಸ್ ಕಾರ್ಡ್. ಎಲ್ಲದರ ಎರಡೆರಡು ಜೆರಾಕ್ಸ್. ಬೆಳಿಗ್ಗೆ ಆರೂವರೆಗೆ ಆಸ್ಪತ್ರೆ ಸುತ್ತ ಜೆರಾಕ್ಸ್ ಅಂಗಡಿ ತೆಗೆದಿರುವುದಿಲ್ಲ.

ಇನ್ಶೂರೆನ್ಸ್ ಹತ್ತಿರ ಸ್ವಲ್ಪ ನಿಲ್ಲಿ. "ಸರ್ಜರಿ ಖಚಿತವಾಗಿದೆ" ಅನ್ನುವುದು ಆಪರೇಷನ್ ಥಿಯೇಟರಿನಲ್ಲಿ ಜಾಗ ಇದೆ ಅನ್ನುವ ಮಾತು. ಕ್ಯಾಶ್‌ಲೆಸ್ ಒಪ್ಪಿಗೆ ಆಗಿದೆ ಅಂತ ಅದರ ಅರ್ಥವಲ್ಲ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಬೇರೆಯಾಗಿ ಫೋನ್ ಮಾಡಿ ಅರ್ಜಿ ಹೋಗಿದೆಯಾ ಅಂತ ಕೇಳಿ. ಅರ್ಜಿ ಬಂದ 1 ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಆದರೆ ಕಾಗದ ಪೂರ್ತಿ ಇಲ್ಲದಿದ್ದರೆ ಪ್ರಶ್ನೆ ಕೇಳಿ ವಾಪಸ್ ಬರುತ್ತದೆ. ನಾನು ಜಾಸ್ತಿ ನೋಡಿದ ತೊಂದರೆ ಹೆಸರಿನದ್ದು. ಆಧಾರಿನಲ್ಲಿ ಲಕ್ಷ್ಮಮ್ಮ, ಪಾಲಿಸಿಯಲ್ಲಿ ಲಕ್ಷ್ಮೀದೇವಮ್ಮ. ಅಥವಾ ಹುಟ್ಟಿದ ವರ್ಷವೇ ಬೇರೆ. ಇದನ್ನು ನಾಲ್ಕು ದಿನ ಮೊದಲೇ ನೋಡಿ ಹೇಳಿದರೆ ಸರಿಮಾಡಿಸಲು ಸಮಯ ಸಿಗುತ್ತದೆ.

ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ಮಿತಿ ಇದೆಯೇ ಅಂತಲೂ ನೋಡಿ. ದಿನಕ್ಕೆ 4,000 ರೂಪಾಯಿ ಮಿತಿ ಇದ್ದು ನೀವು 8,000ದ ರೂಮ್ ತಗೊಂಡರೆ, ಹೆಚ್ಚಿನ 4,000 ಮಾತ್ರ ನಿಮ್ಮ ಮೇಲೆ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಎಷ್ಟೋ ಪಾಲಿಸಿಗಳಲ್ಲಿ ಡಾಕ್ಟರ ಫೀಸು, ಥಿಯೇಟರ್ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ.

ಸರ್ಕಾರದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಮಾಡಿಸುವವರು ರೇಷನ್ ಕಾರ್ಡ್, ಆಧಾರ್ ಎರಡೂ ತರಬೇಕು. ಖಾಸಗಿ ಆಸ್ಪತ್ರೆಯಲ್ಲಿ ಅನೇಕ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದು ಅವತ್ತು ಬೆಳಿಗ್ಗೆ ಸಿಗುವಂಥದ್ದಲ್ಲ. ಇಎಸ್ಐ ಆದರೂ ರೆಫರಲ್ ಕೈಯಲ್ಲಿರಲಿ.

ಹಿಂದಿನ ದಿನ

ಚನ್ನಪಟ್ಟಣದಿಂದ ಬೆಳಗಿನ ಜಾವ ಹೊರಟರೆ ಆಗುತ್ತದೆ ಅಂತ ತಮ್ಮ ಅಂದ. ನಾನು ಒಪ್ಪಲಿಲ್ಲ. ಸೋಮವಾರ ಸಂಜೆಗೇ ಕೆಂಗೇರಿಯ ನಮ್ಮ ಮನೆಗೆ ಕರೆಸಿಕೊಂಡೆ. ದಾರಿಯಲ್ಲಿ ಟೈರ್ ಪಂಕ್ಚರ್ ಆದರೂ ಸರದಿ ಹೋಗುತ್ತದೆ. ಬೆಂಗಳೂರಿನಲ್ಲಿ ನಂಟರಿಲ್ಲದಿದ್ದರೆ ಹಿಂದಿನ ಸಂಜೆಯೇ ಅಡ್ಮಿಟ್ ಮಾಡಿಕೊಳ್ಳುತ್ತೀರಾ ಅಂತ ಕೇಳಿ. ಆ ಒಂದು ರಾತ್ರಿಯ ರೂಮ್ ಬಾಡಿಗೆ ಇನ್ಶೂರೆನ್ಸಿಗೆ ಸೇರುತ್ತದೆಯೇ ಅಂತಲೂ ಕೇಳಿ.

ಒಡವೆಗಳಿಗೆ ಸಮಯ ಬೇಕು. ತಿರುಪಿನ ಮೂಗುಬೊಟ್ಟು ಇಪ್ಪತ್ತು ವರ್ಷ ತೆಗೆಯದೆ ಇದ್ದರೆ ಕೈಗೆ ಬರುವುದಿಲ್ಲ. ಭಾನುವಾರವೇ ಅಕ್ಕಸಾಲಿಗರ ಹತ್ತಿರ ಹೋಗಿ. ಕಾಲುಂಗುರ ಸೋಪಿನ ನೊರೆ ಹಾಕಿದರೆ ಬರುತ್ತದೆ. ತಾಳಿ ತೆಗೆಯಲು ಹಿರಿಯರಿಗೆ ಮನಸ್ಸಾಗುವುದಿಲ್ಲ. ಅರಿಶಿನ ದಾರ ಕಟ್ಟಿಕೊಳ್ಳಲು ಎಷ್ಟೋ ಕಡೆ ಬಿಡುತ್ತಾರೆ, ಕೇಳಿ ನೋಡಿ. ಆಪರೇಷನ್ನಿನಲ್ಲಿ ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಸುಟ್ಟ ಗಾಯ ಆಗಬಹುದು. ಉಗುರಿನ ಬಣ್ಣ ತೆಗೆಯಿರಿ, ಆಮ್ಲಜನಕ ನೋಡುವ ಕ್ಲಿಪ್ಪನ್ನು ಬೆರಳಿಗೇ ಹಾಕುವುದು. ಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಸಣ್ಣ ಗಾಯಗಳಾಗಿ ಸೋಂಕು ಬರುವ ಸಂಭವ ಜಾಸ್ತಿ. ಜ್ವರ, ಕಫ, ಕೆಮ್ಮು ಶುರುವಾಗಿದ್ದರೆ ಬೆಳಿಗ್ಗೆ ಬಂದು ಹೇಳುವ ಬದಲು ಇವತ್ತೇ ಫೋನ್ ಮಾಡಿ.

ಆ ದಿನ

ಮಂಗಳವಾರ ಆರಕ್ಕೆ ಐದು ನಿಮಿಷ ಇರುವಾಗ ಚಿಕ್ಕಮ್ಮ ಮಾತ್ರೆ ಹಾಕಿಕೊಂಡು ಒಂದು ಲೋಟ ನೀರು ಕುಡಿದರು. ಆ ಹೊತ್ತಿಗೆ ಮೈಸೂರು ರಸ್ತೆ ಖಾಲಿ, ಆರೂವರೆಗೆ ಕೌಂಟರಿನಲ್ಲಿದ್ದೆವು. ತಮ್ಮ ಕಾಗದ ನೋಡಿಕೊಂಡ, ನಾನು ಚಿಕ್ಕಮ್ಮನ ಪಕ್ಕ ಕೂತೆ. ಒಬ್ಬರೇ ಎರಡೂ ಮಾಡಲು ಹೋದರೆ ಅಲ್ಲಿ ಸಹಿ, ಇಲ್ಲಿ ನರ್ಸ್ ಕೇಳುವ ಪ್ರಶ್ನೆ, ಎರಡೂ ತಪ್ಪುತ್ತವೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಕೊಟ್ಟರು. ಕನ್ನಡದ್ದು ಕೇಳಿದೆವು, ಇತ್ತು. ಚಿಕ್ಕಮ್ಮ ಓದಿ ತಾವೇ ಸಹಿ ಹಾಕಿದರು.

ಹತ್ತೂವರೆ ಆಯಿತು, ಕರೆಯಲಿಲ್ಲ. ಮೊದಲನೆಯ ಆಪರೇಷನ್ ಉದ್ದವಾಗಿತ್ತು. ಹನ್ನೊಂದಕ್ಕೆ ಚಿಕ್ಕಮ್ಮ "ನಾಲಿಗೆ ಅಂಟ್ಕೊಳ್ತಿದೆ ಕಣೆ" ಅಂದರು. ಇಂಥ ಹೊತ್ತಿನಲ್ಲೇ ಮನೆಯವರು ಕರುಣೆಯಿಂದ ಒಂದು ಗುಟುಕು ಕೊಟ್ಟುಬಿಡುವುದು. ಕೊಡಬೇಡಿ, ಕೇಳಿ. ತಡವಾಗುತ್ತಿದೆ, ಸಕ್ಕರೆ ಇರುವವರು, ಆರರಿಂದ ನೀರಿಲ್ಲ ಅಂತ ನರ್ಸಿಗೆ ಹೇಳಿದೆ. ಅವರು ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಿ, ಸಕ್ಕರೆ ನೋಡಿ, ಡ್ರಿಪ್ ಶುರು ಮಾಡಿದರು. ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚಲು ಹೇಳಿದರು. ಹನ್ನೆರಡೂ ಕಾಲಿಗೆ ಒಳಗೆ ಕರಕೊಂಡು ಹೋದರು.

ಮೂರು ಗಂಟೆಗೆ ವಾರ್ಡಿಗೆ ಬಂದಾಗ ತಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದು ಇಟ್ಟುಕೊಂಡಿದ್ದ. ಖಾಲಿ ಹೊಟ್ಟೆಯ ನಿಯಮ ಆಪರೇಷನ್ ಮುಗಿದ ಕೂಡಲೇ ಮುಗಿಯುವುದಿಲ್ಲ. ಪೂರ್ತಿ ಎಚ್ಚರ ಬರಬೇಕು, ವಾಕರಿಕೆ ಇರಬಾರದು, ಡಾಕ್ಟರು ಅಥವಾ ನರ್ಸ್ ಹೇಳಬೇಕು. ಫ್ಲಾಸ್ಕನ್ನು ತಮ್ಮ ತಾನೇ ಕುಡಿದು ಖಾಲಿ ಮಾಡಿದ. ಏಳೂ ಕಾಲಿಗೆ ನರ್ಸ್ ಬಂದು ನೋಡಿ, "ಎರಡು ಚಮಚ ನೀರು ಕೊಡಿ, ಅರ್ಧ ಗಂಟೆ ನೋಡೋಣ" ಅಂದರು.